ಕತ್ತಲಾದರೆ ಆಫ್‌ಲೈನ್ ಆಗುವ ಗೇಟ್ ಕ್ಯಾಮೆರಾ: ಪೆಟ್ಟಿಗೆಯ ವಿವರ ಹಿಡಿದು ದೋಷ ಹುಡುಕುವ ಬಗೆ

ವೈಫೈ ಕ್ಯಾಮೆರಾ ಹಾಕಿಸಿದ ಮನೆಗಳಿಂದ ಹೆಚ್ಚು ಬರುವ ದೂರು ಇದು: ಹಗಲಿಡೀ ಚೆನ್ನಾಗಿ ಓಡುತ್ತದೆ, ಸಂಜೆ ಕಳೆದರೆ ಆ್ಯಪ್‌ನಲ್ಲಿ `Device offline` ಎಂದು ಬರುತ್ತದೆ, ಮತ್ತೆ ತಾನಾಗಿ ಸರಿಹೋಗುತ್ತದೆ, ಮತ್ತೆ ಹೋಗುತ್ತದೆ. ಬೆಳಿಗ್ಗೆ ರೆಕಾರ್ಡಿಂಗ್ ತೆಗೆದು ನೋಡಿದರೆ ನಡುನಡುವೆ ಖಾಲಿ. ಕ್ಯಾಮೆರಾವೇ ಕೆಟ್ಟಿದೆ ಎಂದು ವಾಪಸ್ ಕಳಿಸಿ ಹೊಸದು ತರಿಸಿದರೂ ಅದೇ ಕತೆ. ಇಂಥ ದೂರುಗಳಲ್ಲಿ ಕ್ಯಾಮೆರಾದ ತಪ್ಪು ಇರುವುದು ಅಪರೂಪ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಅದನ್ನು ಹಾಕಿದ ಜಾಗಕ್ಕೂ ಹೊಂದಾಣಿಕೆ ಇರುವುದಿಲ್ಲ, ಅಷ್ಟೆ.

ಒಂದು ಮಾದರಿ ಮನೆ ಇಟ್ಟುಕೊಂಡು ನೋಡೋಣ. 30×40 ಸೈಟು, ಹಾಲ್‌ನಲ್ಲಿ ಟಿವಿ ಹಿಂದೆ ರೌಟರ್, ಗೇಟಿನ ಕಂಬದ ಮೇಲೆ ಕ್ಯಾಮೆರಾ. ನಡುವೆ ಸುಮಾರು 12 ಮೀಟರ್ ದೂರ, ಎರಡು 9 ಇಂಚಿನ ಇಟ್ಟಿಗೆ ಗೋಡೆ. ಗೇಟಿನ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲದ್ದರಿಂದ ಪೋರ್ಟಿಕೊ ಸಾಕೆಟ್‌ನಿಂದ 5 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಎಳೆದು ಕೊಟ್ಟಿದ್ದಾರೆ. ಪೆಟ್ಟಿಗೆಯ ಮೇಲೆ ಹೀಗಿದೆ ಎಂದುಕೊಳ್ಳಿ:

3 ಎಂಪಿ, 2304×1296. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಬಯಲಿನಲ್ಲಿ 100 ಮೀಟರ್‌ವರೆಗೆ. ರಾತ್ರಿ ನೋಟ 30 ಮೀಟರ್. ಮೈಕ್ರೊ ಎಸ್‌ಡಿ 256 ಜಿಬಿವರೆಗೆ. ವಿದ್ಯುತ್ 5 ವೋಲ್ಟ್, 1 ಆಂಪಿಯರ್.

ಇದರ ಒಂದೊಂದು ಸಾಲಿಗೂ ಅದರದೇ ಆದ ಷರತ್ತಿದೆ. ಪೆಟ್ಟಿಗೆಯಲ್ಲಿ ಷರತ್ತನ್ನು ಪೂರ್ತಿ ಬರೆದಿರುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಆರಿಹೋಯಿತೋ, ಸಂಪರ್ಕ ತಪ್ಪಿತೋ

ಆ್ಯಪ್‌ನಲ್ಲಿ ಆಫ್‌ಲೈನ್ ಎಂದು ಬಂದರೆ ಎರಡು ಅರ್ಥ. ಕ್ಯಾಮೆರಾ ಕರೆಂಟು ಸಾಲದೆ ಆರಿಹೋಗಿ ಮತ್ತೆ ಚಾಲೂ ಆಗಿರಬಹುದು. ಇಲ್ಲವೇ ಅದು ಓಡುತ್ತಲೇ ಇದ್ದು ವೈಫೈ ಮಾತ್ರ ಕಳಚಿರಬಹುದು. ಇವೆರಡನ್ನೂ ಬೇರೆ ಮಾಡದೆ ರೌಟರ್ ಬದಲಿಸುವುದು, ಎಕ್ಸ್‌ಟೆಂಡರ್ ಕೊಳ್ಳುವುದು ದುಡ್ಡು ಹಾಳು.

ಬೇರೆ ಮಾಡುವುದು ಸುಲಭ. ಆ್ಯಪ್‌ನಲ್ಲಿ ರೆಕಾರ್ಡಿಂಗ್ ಕ್ರಮವನ್ನು ಚಲನೆ ಕಂಡಾಗ ಮಾತ್ರ ಎಂಬುದರಿಂದ ಸತತ ರೆಕಾರ್ಡಿಂಗ್‌ಗೆ ಬದಲಿಸಿ. ಹಳೆಯ ಕ್ರಮದಲ್ಲೇ ಬಿಟ್ಟರೆ ಖಾಲಿ ಇರುವುದು ದೋಷದಿಂದಲೋ, ಯಾರೂ ಓಡಾಡದ್ದರಿಂದಲೋ ಗೊತ್ತಾಗುವುದಿಲ್ಲ. ಒಂದು ರಾತ್ರಿ ಹಾಗೇ ಓಡಲಿ. ಆಫ್‌ಲೈನ್ ಸೂಚನೆ ಬಂದ ಸಮಯ ಬರೆದಿಟ್ಟುಕೊಂಡು, ಬೆಳಿಗ್ಗೆ ಅದೇ ಸಮಯದ ರೆಕಾರ್ಡಿಂಗ್ ತೆಗೆಯಿರಿ. ಆ ಹೊತ್ತಿನಲ್ಲಿ ಕಾರ್ಡ್‌ಗೆ ದೃಶ್ಯ ಸರಾಗವಾಗಿ ಬರೆದಿದ್ದರೆ ಕ್ಯಾಮೆರಾ ಎಚ್ಚರವಾಗಿಯೇ ಇತ್ತು, ತೊಂದರೆ ವೈಫೈನದು. ಕಾರ್ಡ್‌ನಲ್ಲೂ ಖಾಲಿ ಇದ್ದರೆ ಕ್ಯಾಮೆರಾ ಆರಿದೆ ಅಥವಾ ಕಾರ್ಡ್ ಕೈಕೊಟ್ಟಿದೆ.

ಲ್ಯಾಪ್‌ಟಾಪ್ ಇದ್ದರೆ ಅದೇ ರಾತ್ರಿ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ಬ್ರೌಸರ್‌ನಲ್ಲಿ ತೆರೆಯುವ ರೌಟರ್ ಸೆಟ್ಟಿಂಗ್ ಪುಟದ ಸಾಧನಗಳ ಪಟ್ಟಿಯಲ್ಲಿ ಕ್ಯಾಮೆರಾದ ವಿಳಾಸ ನೋಡಿಕೊಂಡು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ, ವಿಳಾಸ ನಿಮ್ಮದು ಹಾಕಿ:

```
ping -t 192.168.1.23
```

ಉತ್ತರ 3ರಿಂದ 10 ಮಿಲಿಸೆಕೆಂಡ್ ಒಳಗೆ ನೆಟ್ಟಗೆ ಬರುತ್ತಿದ್ದು, ಇದ್ದಕ್ಕಿದ್ದಂತೆ ಸುಮಾರು ಒಂದು ನಿಮಿಷ ಪೂರ್ತಿ ನಿಂತು, ಮತ್ತೆ ಮೊದಲಿನಂತೆಯೇ ಬಂದರೆ ಅದು ಕ್ಯಾಮೆರಾ ಹೊಸದಾಗಿ ಚಾಲೂ ಆಗಲು ಹಿಡಿಯುವ ಸಮಯ. ಹಾಗಲ್ಲದೆ ಸಂಖ್ಯೆ 80, 300, 900 ಎಂದು ಏರಿಳಿಯುತ್ತಾ ಅಲ್ಲೊಂದು ಇಲ್ಲೊಂದು `Request timed out` ಬರುತ್ತಿದ್ದರೆ ಸಿಗ್ನಲ್ ದುರ್ಬಲವಾಗಿದೆ ಅಥವಾ ವೈಫೈ ಚಾನೆಲ್ ಕಿಕ್ಕಿರಿದಿದೆ. ಬ್ಯಾಟರಿಯಲ್ಲಿ ಓಡುವ ಕ್ಯಾಮೆರಾಗೆ ಈ ಪರೀಕ್ಷೆ ಬೇಡ. ಅದು ಚಾರ್ಜ್ ಉಳಿಸಲು ನಿದ್ದೆ ಹೋಗುತ್ತದೆ.

ಗಡಿಯಾರವೂ ಸುಳಿವು ಕೊಡುತ್ತದೆ. ಕರೆಂಟಿನ ದೋಷ ಕತ್ತಲು ಕವಿದ ಕೂಡಲೇ, ಆರೂವರೆ ಏಳಕ್ಕೆ ಶುರುವಾಗಿ ಬೆಳಕು ಹರಿಯುವವರೆಗೂ ಇರುತ್ತದೆ. ಚಾನೆಲ್ ದಟ್ಟಣೆ ಅಕ್ಕಪಕ್ಕದ ಮನೆಯವರೆಲ್ಲ ಟಿವಿ, ಮೊಬೈಲ್ ಹಿಡಿದು ಕೂತ ಹೊತ್ತಿನಲ್ಲಿ ಜೋರಾಗಿದ್ದು, ನಡುರಾತ್ರಿ ಕಳೆದ ಮೇಲೆ ತಣ್ಣಗಾಗುತ್ತದೆ. ರಾತ್ರಿ ಎರಡು ಗಂಟೆಗೂ ಕ್ಯಾಮೆರಾ ಬಿದ್ದೇಳುತ್ತಿದ್ದರೆ ನೆರೆಮನೆಯ ವೈಫೈ ಮೇಲೆ ಆರೋಪ ಹೊರಿಸಬೇಡಿ.

5 ವೋಲ್ಟ್ ಸಾಲಿನ ಒಳಗುಟ್ಟು

ಕತ್ತಲಾದಾಗ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ. ಹಗಲಿನಲ್ಲಿ ಸುಮಾರು 0.3 ಆಂಪಿಯರ್ ಎಳೆಯುತ್ತಿದ್ದದ್ದು ಆಗ 0.7ರ ಆಸುಪಾಸಿಗೆ ಏರುತ್ತದೆ. ಅಡಾಪ್ಟರ್‌ಗೆ ಇದು ಭಾರವಲ್ಲ, ಅದು 1 ಆಂಪಿಯರ್ ಕೊಡಬಲ್ಲದು. ಭಾರವಾಗುವುದು ನಡುವಿನ ಸಪೂರ ತಂತಿಗೆ.

ಅಗ್ಗದ ಯುಎಸ್‌ಬಿ ಎಕ್ಸ್‌ಟೆನ್ಷನ್‌ಗಳಲ್ಲಿ ಸಾಮಾನ್ಯವಾಗಿ 28 ಗೇಜ್ ತಂತಿ ಇರುತ್ತದೆ. ಅದು ಶುದ್ಧ ತಾಮ್ರವಾಗಿದ್ದರೂ ಮೀಟರಿಗೆ ಸುಮಾರು 0.21 ಓಮ್ ತಡೆ. ಕೇಬಲ್ 5 ಮೀಟರ್ ಎಂದರೆ ಹೋಗುವ ತಂತಿ, ಬರುವ ತಂತಿ ಸೇರಿ 10 ಮೀಟರ್, ಒಟ್ಟು 2.1 ಓಮ್. ಹಗಲಿನ 0.3 ಆಂಪಿಯರ್‌ಗೆ ದಾರಿಯಲ್ಲೇ 0.6 ವೋಲ್ಟ್ ಸೋರಿ 4.4 ವೋಲ್ಟ್ ತಲಪುತ್ತದೆ. ಕ್ಯಾಮೆರಾ ಹೇಗೋ ನಿಭಾಯಿಸುತ್ತದೆ. ರಾತ್ರಿಯ 0.7 ಆಂಪಿಯರ್‌ಗೆ ಸೋರುವುದು ಸುಮಾರು 1.5 ವೋಲ್ಟ್. ಉಳಿದ 3.5 ವೋಲ್ಟ್‌ನಲ್ಲಿ ಅದು ನಿಲ್ಲಲಾರದು. ಆರುತ್ತದೆ, ದೀಪಗಳೂ ಆರುತ್ತವೆ, ಎಳೆತ ಕಡಿಮೆಯಾಗಿ ವೋಲ್ಟೇಜ್ ಮತ್ತೆ ಏರುತ್ತದೆ, ಕ್ಯಾಮೆರಾ ಚಾಲೂ ಆಗುತ್ತದೆ, ಕತ್ತಲು ಕಂಡು ದೀಪ ಹೊತ್ತಿಸುತ್ತದೆ, ಮತ್ತೆ ಆರುತ್ತದೆ. ಬೆಳಗಿನವರೆಗೂ ಇದೇ ಸುತ್ತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಲೆಕ್ಕ ಇನ್ನೂ ಕೆಡುತ್ತದೆ.

ಖಚಿತ ಮಾಡಿಕೊಳ್ಳಲು ಮೀಟರ್ ಬೇಕಿಲ್ಲ. ಒಂದು ಸಂಜೆ ಆ್ಯಪ್‌ನಲ್ಲಿ `Night vision` ಅನ್ನು `Off` ಮಾಡಿ. ಚಿತ್ರ ಕಪ್ಪಾಗಿರುತ್ತದೆ, ಇರಲಿ. ಅಂದು ರಾತ್ರಿ ಒಮ್ಮೆಯೂ ಬೀಳದಿದ್ದರೆ ದೋಷ ಸಿಕ್ಕಿತು. ಆಗಲೂ ಬಿದ್ದರೆ ಮರುದಿನ ಮೆಮೊರಿ ಕಾರ್ಡ್ ತೆಗೆದು ನೋಡಿ. ಸಾಯುತ್ತಿರುವ ಕಾರ್ಡ್ ಕೂಡ ಕೆಲವು ಕ್ಯಾಮೆರಾಗಳನ್ನು ಪದೇ ಪದೇ ರೀಸ್ಟಾರ್ಟ್ ಮಾಡಿಸುತ್ತದೆ.

ಪರಿಹಾರ ಒಂದೇ: ಅಡಾಪ್ಟರನ್ನು ಕ್ಯಾಮೆರಾದ ಹತ್ತಿರ ಒಯ್ಯುವುದು. 230 ವೋಲ್ಟ್ ಎಷ್ಟು ದೂರ ಬೇಕಾದರೂ ಬರಲಿ, 5 ವೋಲ್ಟ್ ಮಾತ್ರ ಒಂದೆರಡು ಮೀಟರ್‌ಗಿಂತ ಹೆಚ್ಚು ಓಡಬಾರದು. ಗೇಟಿನ ಕಂಬದಲ್ಲಿ ದೀಪ ಇದ್ದರೆ ಅಲ್ಲಿಗೆ ವೈರಿಂಗ್ ಆಗಲೇ ಬಂದಿರುತ್ತದೆ, ಎಲೆಕ್ಟ್ರಿಷಿಯನ್‌ಗೆ ಹೇಳಿ ಮಳೆನೀರು ತಾಗದ ಡಬ್ಬಿಯೊಳಗೆ ಸಾಕೆಟ್ ಹಾಕಿಸಬಹುದು. ಆದರೆ ಲೈನ್ ಅನ್ನು ದೀಪದ ಸ್ವಿಚ್‌ಗಿಂತ ಮುಂಚೆಯೇ ತೆಗೆಯಲು ಹೇಳಿ. ಇಲ್ಲದಿದ್ದರೆ ಬೆಳಿಗ್ಗೆ ಯಾರೋ ಗೇಟ್ ಲೈಟ್ ಆರಿಸಿದಾಗ ಕ್ಯಾಮೆರಾವೂ ಆರುತ್ತದೆ, ಆಗ "ರಾತ್ರಿ ಮಾತ್ರ ಓಡುತ್ತದೆ" ಎಂಬ ಹೊಸ ದೂರು ಹುಟ್ಟುತ್ತದೆ. ತಂತಿ ಎಳೆಯಲೇಬೇಕಾದರೆ 22 ಗೇಜ್‌ನ ದಪ್ಪ ತಾಮ್ರದ ತಂತಿ ಹಾಕಿ. ಅದೇ 5 ಮೀಟರ್‌ಗೆ ನಷ್ಟ 0.4 ವೋಲ್ಟ್‌ಗೆ ಇಳಿಯುತ್ತದೆ. ಹೆಚ್ಚು ಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಹಾನಿಯಿಲ್ಲ, ಆದರೆ ಈ ದೋಷಕ್ಕೆ ಪ್ರಯೋಜನವೂ ಇಲ್ಲ. ಹೆಚ್ಚು ವೋಲ್ಟ್‌ನದು ಹಾಕಿದರೆ ಕ್ಯಾಮೆರಾ ಸುಡುತ್ತದೆ. ಇನ್ನೂ ಕೊಂಡಿಲ್ಲ ಎಂದಾದರೆ, ದೂರದ ಗೇಟಿಗೆ 12 ವೋಲ್ಟ್‌ನ ಮಾದರಿ ಆರಿಸಿ. ಅಷ್ಟೇ ಶಕ್ತಿಗೆ ಅದು ಅರ್ಧಕ್ಕಿಂತ ಕಡಿಮೆ ಆಂಪಿಯರ್ ಎಳೆಯುವುದರಿಂದ ತಂತಿಯ ನಷ್ಟ ತಟ್ಟುವುದೇ ಇಲ್ಲ.

"100 ಮೀಟರ್‌ವರೆಗೆ"

ಕಾರ್ಡ್‌ನಲ್ಲಿ ರೆಕಾರ್ಡಿಂಗ್ ಸರಿಯಾಗಿದ್ದು ಆ್ಯಪ್ ಮಾತ್ರ ಆಫ್‌ಲೈನ್ ತೋರಿಸಿದರೆ ಈ ಸಾಲಿಗೆ ಬನ್ನಿ. ಬಯಲಿನಲ್ಲಿ ಎಂಬ ಪದವನ್ನು ಪೆಟ್ಟಿಗೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಗೋಡೆ ಬಂದ ಕೂಡಲೇ ಆ 100 ಕರಗುತ್ತದೆ.

ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ ಅಳೆಯುತ್ತಾರೆ: −50 ಬಹಳ ಚೆನ್ನ, −65 ವೀಡಿಯೊಗೆ ಸಾಕು, −70 ಅಂಚು, −75 ದಾಟಿದರೆ ಕ್ಯಾಮೆರಾ ಕಳಚುತ್ತಾ ಇರುತ್ತದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ರೌಟರ್‌ನಿಂದ 3 ಮೀಟರ್‌ನಲ್ಲಿ −40 ಇದ್ದರೆ ಬಯಲಿನಲ್ಲಿ 100 ಮೀಟರ್‌ಗೆ ಸುಮಾರು −70. ಪೆಟ್ಟಿಗೆ ಸುಳ್ಳು ಹೇಳಿಲ್ಲ. ಆದರೆ 9 ಇಂಚಿನ ಇಟ್ಟಿಗೆ ಗೋಡೆಯೊಂದು ಅಂದಾಜು 8 ಡೆಸಿಬೆಲ್ ನುಂಗುತ್ತದೆ, ಅಂದರೆ ತಲಪುವ ದೂರವನ್ನು ನೂರಕ್ಕೆ ನಲವತ್ತಕ್ಕೆ ಇಳಿಸುತ್ತದೆ. ಒಂದು ಗೋಡೆಗೆ 100 ಮೀಟರ್ 40 ಆಯಿತು, ಎರಡನೆಯದಕ್ಕೆ 16. ನಮ್ಮ ಮಾದರಿ ಮನೆಯಲ್ಲಿ ಕ್ಯಾಮೆರಾ 12 ಮೀಟರ್‌ನಲ್ಲಿದೆ, ಗಡಿಯ ಒಳಗೇ ಇದೆ ಆದರೆ ಅಂಚಿನಲ್ಲಿದೆ: −68ರ ಹತ್ತಿರ. ರೌಟರ್ ಮೊದಲ ಮಹಡಿಯಲ್ಲಿದ್ದು ಆರ್‌ಸಿಸಿ ಮೋಲ್ಡ್ ಕೂಡ ಅಡ್ಡ ಬಂದರೆ ಇನ್ನೊಂದು 15 ಡೆಸಿಬೆಲ್ ಹೋಗಿ, ಕ್ಯಾಮೆರಾ ಸೇರುವ ಮಾತೇ ಇಲ್ಲ.

ನಿಮ್ಮ ಮನೆಯ ಸಂಖ್ಯೆ ತಿಳಿಯಲು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾವೇ ತೋರಿಸುವ ಸಿಗ್ನಲ್ ನೋಡಿ. ಆ್ಯಪ್ ತೋರಿಸದಿದ್ದರೆ ರೌಟರ್ ಪುಟದ ಪಟ್ಟಿಯಲ್ಲಿ ಕ್ಯಾಮೆರಾದ ಎದುರು `RSSI` ಎಂದು ಇರಬಹುದು. ಕಂಬದ ಬಳಿ ನಿಂತು ಮೊಬೈಲ್‌ನ ಗೆರೆಗಳನ್ನು ಎಣಿಸುವುದರಿಂದ ಏನೂ ತಿಳಿಯದು. ಮೊಬೈಲ್ 5 ಗಿಗಾಹರ್ಟ್ಸ್‌ನಲ್ಲಿರಬಹುದು, ಕ್ಯಾಮೆರಾ 2.4 ಅನ್ನಷ್ಟೇ ಬಲ್ಲದು. ಅಲ್ಲದೆ ರೌಟರ್‌ನ ಸಿಗ್ನಲ್ ಕ್ಯಾಮೆರಾಗೆ ತಲಪಿದರೆ ಸಾಲದು, ಕ್ಯಾಮೆರಾದ ಸಣ್ಣ ಆಂಟೆನಾ ಕಳಿಸಿದ್ದು ರೌಟರ್‌ಗೆ ವಾಪಸ್ ತಲಪಬೇಕು. ದೊಡ್ಡ ಆಂಟೆನಾಗಳ "ಲಾಂಗ್ ರೇಂಜ್" ರೌಟರ್ ತಂದರೂ ಕ್ಯಾಮೆರಾ ಕಳಚುವುದು ಪೂರ್ತಿ ನಿಲ್ಲದಿರುವುದಕ್ಕೆ ಕಾರಣ ಇದು.

ಖರ್ಚಿಲ್ಲದ ಕೆಲಸ ಮೊದಲು. ರೌಟರನ್ನು ಟಿವಿ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ಗೇಟಿನ ಕಡೆಯ ಕಿಟಕಿಯ ಹತ್ತಿರ, ಎದೆಮಟ್ಟಕ್ಕಿಂತ ಮೇಲೆ ಇಡಿ. ಒಂದು ಗೋಡೆ ತಪ್ಪಿದರೂ 8 ಡೆಸಿಬೆಲ್ ಲಾಭ. ಆಮೇಲೆ ರೌಟರ್ ಪುಟದಲ್ಲಿ 2.4 ಗಿಗಾಹರ್ಟ್ಸ್‌ನ `Channel` ಅನ್ನು `Auto` ಬಿಟ್ಟು 1, 6, 11ರಲ್ಲಿ ಒಂದಕ್ಕೆ ನಿಲ್ಲಿಸಿ, `Channel Width` 20 ಮಾಡಿ. ಒಂದರ ಮೇಲೊಂದು ಹಾಯದ ಚಾನೆಲ್‌ಗಳು ಆ ಮೂರೇ. ವೈಫೈ ಅನಲೈಸರ್ ಆ್ಯಪ್ ಹಾಕಿ ರಾತ್ರಿ ಒಂಬತ್ತರ ಹೊತ್ತಿಗೆ ಯಾವುದು ಖಾಲಿ ಎಂದು ನೋಡಿ ಆರಿಸಿ. ಬೆಳಿಗ್ಗೆ ನೋಡಿದರೆ ಎಲ್ಲವೂ ಖಾಲಿಯೇ.

ಇಷ್ಟಕ್ಕೂ −70 ದಾಟಿದ್ದರೆ ಎಕ್ಸ್‌ಟೆಂಡರ್ ಬೇಕು. ಅದನ್ನು ಕ್ಯಾಮೆರಾದ ಪಕ್ಕ ಇಡುವುದು ಎಲ್ಲರೂ ಮಾಡುವ ಎಡವಟ್ಟು. ಅಲ್ಲಿ ಅದಕ್ಕೂ ಸಿಗುವುದು ಅದೇ ಬಡಕಲು ಸಿಗ್ನಲ್. −55ರಿಂದ −60 ಇರುವ ನಡುದಾರಿಯಲ್ಲಿ ಇಡಬೇಕು. ಕ್ಯಾಮೆರಾದ ಬಾಲದಲ್ಲಿ ಲ್ಯಾನ್ ಪಿನ್ ಇದ್ದರೆ ಇದ್ಯಾವುದೂ ಬೇಡ, ಒಂದು ಕೇಬಲ್ ಎಳೆದುಬಿಡಿ. ಅದು 100 ಮೀಟರ್‌ವರೆಗೆ ನಿಜವಾಗಿಯೂ ಹೋಗುತ್ತದೆ.

ರೆಸಲ್ಯೂಷನ್ ಮತ್ತು "30 ಮೀಟರ್ ರಾತ್ರಿ ನೋಟ"

ಕ್ಯಾಮೆರಾ ಬೀಳುವುದಿಲ್ಲ, ಆದರೆ ಬಂದವರ ಮುಖ ತಿಳಿಯುವುದಿಲ್ಲ ಎಂಬುದೂ ದೋಷವೆಂದೇ ದಾಖಲಾಗುತ್ತದೆ. ಇಲ್ಲಿ ಎಷ್ಟು ಎಂಪಿ ಎಂದು ಕೇಳುವುದಕ್ಕಿಂತ ಆ ಪಿಕ್ಸೆಲ್‌ಗಳು ಎಷ್ಟು ಅಗಲಕ್ಕೆ ಹಂಚಿಹೋಗಿವೆ ಎಂದು ಕೇಳಬೇಕು. ಅಡ್ಡಕ್ಕೆ 90 ಡಿಗ್ರಿ ಕಾಣುವ ಲೆನ್ಸ್ ಆದರೆ 5 ಮೀಟರ್ ದೂರದಲ್ಲಿ 10 ಮೀಟರ್ ಅಗಲ ಕಾಣುತ್ತದೆ. 2304 ಪಿಕ್ಸೆಲ್ ಅಷ್ಟಗಲಕ್ಕೆ ಹರಡಿದರೆ ಮೀಟರಿಗೆ 230. ಭದ್ರತಾ ಕ್ಯಾಮೆರಾಗಳ 2014ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಪರಿಚಿತನ ಗುರುತು ಸಂಶಯವಿಲ್ಲದೆ ಹಿಡಿಯಲು ಮೀಟರಿಗೆ 250, ಪರಿಚಿತನನ್ನು ಕಂಡುಹಿಡಿಯಲು 125 ಬೇಕು. ಗೇಟಿನ ಬಳಿ ನಿಂತವರಿಗೆ ಈ ಕ್ಯಾಮೆರಾ ಸಾಕು. 15 ಮೀಟರ್ ಆಚೆಯ ರಸ್ತೆಯಲ್ಲಿ ಅದೇ ಪಿಕ್ಸೆಲ್ 30 ಮೀಟರ್ ಅಗಲಕ್ಕೆ ಹಂಚಿ ಮೀಟರಿಗೆ 77 ಆಗುತ್ತದೆ; ಅರ್ಧ ಮೀಟರ್ ಅಗಲದ ಕಾರಿನ ನಂಬರ್ ಪ್ಲೇಟಿಗೆ ಸಿಗುವುದು 38 ಪಿಕ್ಸೆಲ್, ಒಂದು ಅಕ್ಷರಕ್ಕೆ ನಾಲ್ಕೂ ಇಲ್ಲ. ಎಷ್ಟು ಝೂಮ್ ಮಾಡಿದರೂ ಓದಲು ಬಾರದು.

ರಾತ್ರಿಯ 30 ಮೀಟರ್ ಎಂದರೆ ಅಷ್ಟು ದೂರದಲ್ಲಿ ಏನೋ ಓಡಾಡಿತು ಎಂದು ತಿಳಿಯುತ್ತದೆ, ಅಷ್ಟೆ. ಮುಖಕ್ಕೆ ಐದಾರು ಮೀಟರ್ ಒಳಗೆ ಇರಬೇಕು. ಚಿತ್ರವೆಲ್ಲ ಬೆಳ್ಳಗೆ ಮಂಜು ಕವಿದಂತೆ ಇದ್ದರೆ ಇನ್‌ಫ್ರಾರೆಡ್ ಬೆಳಕು ಹತ್ತಿರದ ಸಜ್ಜಕ್ಕೋ, ಕಂಬದ ಅಂಚಿಗೋ, ಲೆನ್ಸ್ ಮುಂದಿನ ಜೇಡರ ಬಲೆಗೋ ಬಡಿದು ವಾಪಸ್ ಬರುತ್ತಿದೆ. ಕ್ಯಾಮೆರಾವನ್ನು ಒಂದು ಗೇಣು ಮುಂದಕ್ಕೆ ತಂದರೆ, ಗಾಜು ಒರೆಸಿದರೆ ಸರಿಹೋಗುತ್ತದೆ.

ಕಾರ್ಡ್: ಎಷ್ಟು ದಿನ ಉಳಿಯುತ್ತದೆ, ಯಾವಾಗ ಮೋಸ ಮಾಡುತ್ತದೆ

256 ಜಿಬಿವರೆಗೆ ಎಂದರೆ ಕಾರ್ಡ್ ಜೊತೆಗೇ ಬರುತ್ತದೆ ಎಂದಲ್ಲ, ನೀವು ಕೊಂಡು ಹಾಕಬಹುದು ಎಂದಷ್ಟೆ. 3 ಎಂಪಿ ಚಿತ್ರ ಎಚ್.265 ಎಂಬ ವೀಡಿಯೊ ಕುಗ್ಗಿಸುವ ಕ್ರಮದಲ್ಲಿ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಹಿಡಿಯುತ್ತದೆ ಎಂದರೆ ದಿನಕ್ಕೆ 16 ಜಿಬಿ. 128 ಜಿಬಿ ಕಾರ್ಡ್‌ನಲ್ಲಿ ಏಳು ದಿನ, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಎಚ್.264 ಆದರೆ ಹೆಚ್ಚುಕಡಿಮೆ ಅರ್ಧ ದಿನಗಳು. ಹಾಗಾಗಿ ಹತ್ತು ದಿನದ ಹಿಂದಿನ ಘಟನೆ ಹುಡುಕಿ ಸಿಗದಿದ್ದರೆ ಅದು ದೋಷವಲ್ಲ. ಬೇಕಾದ ತುಣುಕನ್ನು ಅದೇ ವಾರ ಮೊಬೈಲ್‌ಗೆ ಇಳಿಸಿಕೊಳ್ಳಬೇಕು.

ದೋಷ ಯಾವುದೆಂದರೆ, ಮೊದಲ ಎರಡು ದಿನ ಚೆನ್ನಾಗಿ ಬರೆದು ಮೂರನೆಯ ದಿನದಿಂದ ತುಣುಕುಗಳು ತೆರೆಯದಿರುವುದು. ಕಾರ್ಡ್ ನಕಲಿ ಇರಬಹುದು: 32 ಜಿಬಿ ಚಿಪ್ಪಿಗೆ 256 ಎಂದು ಅಚ್ಚು ಹಾಕಿ ಮಾರುತ್ತಾರೆ. ಕಂಪ್ಯೂಟರಿಗೂ ಅದು 256 ಎಂದೇ ತೋರಿಸುತ್ತದೆ. ವಿಂಡೋಸ್‌ನಲ್ಲಿ `H2testw` ಎಂಬ ಉಚಿತ ತಂತ್ರಾಂಶ ಕಾರ್ಡ್ ತುಂಬ ಬರೆದು ವಾಪಸ್ ಓದಿ ನಿಜವಾದ ಗಾತ್ರ ಹೇಳುತ್ತದೆ. ಹಲವು ಗಂಟೆ ಹಿಡಿಯುತ್ತದೆ, ಆದರೆ ಅದರ ಮಾತಿಗೆ ಮೇಲ್ಮಾತಿಲ್ಲ. ಕಾರ್ಡ್ ಅಸಲಿಯೇ ಆಗಿದ್ದರೆ ಕ್ಯಾಮೆರಾದ ಆ್ಯಪ್‌ನಿಂದಲೇ ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ; ಮೊಬೈಲ್‌ನಲ್ಲಿ ಮಾಡಿದ್ದನ್ನು ಕೆಲವು ಕ್ಯಾಮೆರಾಗಳು ಒಪ್ಪುವುದಿಲ್ಲ. ಕೊಳ್ಳುವಾಗ `High Endurance` ಎಂದು ಬರೆದದ್ದನ್ನೇ ಕೊಳ್ಳಿ. ಸತತವಾಗಿ ಬರೆಯುವ ಕೆಲಸಕ್ಕೆ ಅದನ್ನೇ ಮಾಡಿರುತ್ತಾರೆ.

ಸೆಟಪ್ ವೇಳೆ ಜೋಡಣೆಯೇ ಆಗದಿದ್ದರೆ

ಕಾರಣ ಹೆಚ್ಚಿನ ಸಲ "2.4 ಗಿಗಾಹರ್ಟ್ಸ್ ಮಾತ್ರ" ಎಂಬ ಸಾಲು. ರೌಟರ್‌ನಲ್ಲಿ ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದು ಮೊಬೈಲ್ 5ರಲ್ಲಿ ಕೂತಿದ್ದರೆ ಕೆಲವು ಆ್ಯಪ್‌ಗಳು ಅಲ್ಲೇ ನಿಲ್ಲುತ್ತವೆ. `Smart Connect` ಆಫ್ ಮಾಡಿ 2.4ಕ್ಕೆ ಬೇರೆ ಹೆಸರು ಕೊಡಿ, ಮೊಬೈಲನ್ನೂ ಅದಕ್ಕೇ ಸೇರಿಸಿ. ಭದ್ರತೆ `WPA3` ಮಾತ್ರ ಎಂದಿದ್ದರೆ `WPA2-PSK` ಮಾಡಿ. ಜೋಡಣೆಯನ್ನು ರೌಟರ್ ಪಕ್ಕದಲ್ಲೇ ಮುಗಿಸಿ, ಆಮೇಲೆ ಕಂಬ ಹತ್ತಿ. ಇಂಟರ್‌ನೆಟ್ ಕಂಪನಿ ಬದಲಿಸಿ ಹೊಸ ರೌಟರ್ ಬಂದರೆ ಅದಕ್ಕೆ ಹಳೆಯ ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆಯನ್ನೇ ಇಡಿ. ಕ್ಯಾಮೆರಾ ತಾನಾಗಿ ಸೇರಿಕೊಳ್ಳುತ್ತದೆ, ಏಣಿ ಹುಡುಕುವ ಕೆಲಸ ತಪ್ಪುತ್ತದೆ.

ರೀಸೆಟ್ ಗುಂಡಿ ಒತ್ತಿದರೆ ವೈಫೈ ವಿವರ ಅಳಿಯುತ್ತದೆ, ಆದರೆ ಅನೇಕ ಕಂಪನಿಗಳ ಕ್ಯಾಮೆರಾ ಮೊದಲು ಸೇರಿಸಿದವರ ಖಾತೆಗೇ ಅಂಟಿಕೊಂಡಿರುತ್ತದೆ. ಹಾಕಿಕೊಟ್ಟವರು ಅವರ ಮೊಬೈಲ್‌ನಲ್ಲೇ ನೋಂದಾಯಿಸಿದ್ದರೆ, ಅವರ ಆ್ಯಪ್‌ನಿಂದ ಅಳಿಸುವವರೆಗೆ ನಿಮ್ಮದಕ್ಕೆ ಸೇರದು. ಅವರು ಏಣಿ ಇಳಿದು ಹೋಗುವ ಮೊದಲೇ ಖಾತೆ ನಿಮ್ಮ ಹೆಸರಿನಲ್ಲಿದೆಯೇ ಎಂದು ನೋಡಿಕೊಳ್ಳಿ.